ಏಕಾದಶಿ, ಕೊಲೆಸ್ಟ್ರಾಲ್ ರಿಪೋರ್ಟ್ ಮತ್ತು ರಾತ್ರಿ ಮಾತ್ರೆ

ನಮ್ಮಮ್ಮನಿಗೆ ಏಕಾದಶಿ ಅಂದ್ರೆ ಸಾಬೂದಾನ ಖಿಚಡಿ ಏಕಾದಶಿ ಅಲ್ಲ, ನೀರೂ ಮುಟ್ಟದ ಏಕಾದಶಿ. ದಶಮಿ ಮಧ್ಯಾಹ್ನ ಒಂದು ಗಂಟೆಗೆ ಊಟ ಮಾಡಿದರೆ ಮುಂದಿನ ತುತ್ತು ದ್ವಾದಶಿ ಬೆಳಗಿನ ಪಾರಣೆಗೇ. ಸುಮಾರು ನಲವತ್ತು ಗಂಟೆ. ನನ್ನದು ಹದಿನಾರು ಗಂಟೆ ಉಪವಾಸ, ಎಂಟು ಗಂಟೆಯೊಳಗೆ ಊಟ ಅನ್ನೋ ಆಫೀಸ್ ಕಾಲದ ವ್ರತ. ಅಮ್ಮನ ಪ್ರಕಾರ ಅದು ಉಪವಾಸವೇ ಅಲ್ಲ, ತಿಂಡಿ ತಪ್ಪಿಸೋದು.

ಕಳೆದ ದೀಪಾವಳಿ ವಾರದಲ್ಲಿ ಅಮ್ಮ ರಕ್ತಪರೀಕ್ಷೆ ಮಾಡಿಸಿದರು. ಒಟ್ಟು ಕೊಲೆಸ್ಟ್ರಾಲ್ 206, ಎಚ್‌ಡಿಎಲ್ 44, ಟ್ರೈಗ್ಲಿಸರೈಡ್ 240, ಎಲ್‌ಡಿಎಲ್ 114. ಹಬ್ಬದ ಹೋಳಿಗೆ, ಕರಿದ ತಿಂಡಿಯ ಲೆಕ್ಕ ಟ್ರೈಗ್ಲಿಸರೈಡ್‌ನಲ್ಲಿ ಕಾಣ್ತಿತ್ತು. ಎರಡು ವಾರದೊಳಗೆ ಉತ್ಥಾನ ದ್ವಾದಶಿ ಬೆಳಗ್ಗೆ, ಪಾರಣೆಗೆ ಮುಂಚೆ, ಇನ್ನೊಮ್ಮೆ ರಕ್ತ ಕೊಟ್ಟರು. ಈ ಸಲ ಒಟ್ಟು 209, ಎಚ್‌ಡಿಎಲ್ 46, ಟ್ರೈಗ್ಲಿಸರೈಡ್ 130, ಎಲ್‌ಡಿಎಲ್ 137.

"ಉಪವಾಸ ಮಾಡಿದ್ದಕ್ಕೆ ಕೆಟ್ಟ ಕೊಲೆಸ್ಟ್ರಾಲ್ ಏರಿತಾ? ಹಾಗಾದ್ರೆ ಆ ಮಾತ್ರೆ ಯಾಕೆ ನುಂಗಲಿ, ನೀನೇ ಹೇಳು" ಅಂದರು ಅಮ್ಮ. ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ, ಮಾತ್ರೆ ಬಿಡೋದಕ್ಕೆ ಅರ್ಧ ಮನಸ್ಸು ಮಾಡಿಯೇ ಕೇಳಿದ್ದು.

ಉತ್ತರ ಇರೋದು ಲ್ಯಾಬಿನ ಲೆಕ್ಕದಲ್ಲಿ. ಬಹಳಷ್ಟು ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯೋದಿಲ್ಲ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆದು, ಅದರಲ್ಲಿ ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುತ್ತವೆ. ಮೊದಲ ಸಲ 206ರಿಂದ 44 ಮತ್ತು 48 ಹೋಗಿ 114 ಉಳಿಯಿತು. ಎರಡನೇ ಸಲ 209ರಿಂದ 46 ಮತ್ತು 26 ಮಾತ್ರ ಹೋಗಿ 137 ಉಳಿಯಿತು. ಟ್ರೈಗ್ಲಿಸರೈಡ್ ಇಳಿದಿದ್ದಕ್ಕೆ ಕಳೆಯುವ ಅಂಕಿಯೇ ಚಿಕ್ಕದಾಯಿತು, ಎಲ್‌ಡಿಎಲ್ ಏರಿದಂತೆ ಕಂಡಿತು. ಟ್ರೈಗ್ಲಿಸರೈಡ್ ಹೆಚ್ಚಿದ್ದಾಗ ಈ ಲೆಕ್ಕ ಎಲ್‌ಡಿಎಲ್ ಅನ್ನು ಕಡಿಮೆ ತೋರಿಸುತ್ತೆ. 400 ದಾಟಿದರೆ ಲೆಕ್ಕವನ್ನು ನಂಬುವ ಹಾಗೇ ಇಲ್ಲ.

ಇಂಥ ಹೊತ್ತಲ್ಲಿ ನೋಡಬೇಕಾದ್ದು ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಅಷ್ಟೇ ಕಳೆದಾಗ ಬರುವ ಅಂಕಿ. ರಿಪೋರ್ಟ್‌ನಲ್ಲಿ ಅದಕ್ಕೆ ನಾನ್-ಎಚ್‌ಡಿಎಲ್ ಅಂತಾರೆ. ಅಮ್ಮನದು ಮೊದಲು 162, ಆಮೇಲೆ 163. ಅಂದರೆ ಹೆಚ್ಚು ಕಮ್ಮಿ ಅಲ್ಲೇ ಇದೆ. ಇದರ ಜೊತೆಗೆ, ಇಡೀ ದಿನದ ನಿರಾಹಾರದಲ್ಲಿ ಎಲ್‌ಡಿಎಲ್ ತಾತ್ಕಾಲಿಕವಾಗಿ ನಿಜವಾಗಿಯೂ ಸ್ವಲ್ಪ ಏರಬಹುದು. ಹಾಗಾಗಿ ಹೋಲಿಸಬೇಕಾದ ಪರೀಕ್ಷೆಯನ್ನು ಹಬ್ಬದ ಮರುದಿನವೂ ಮಾಡಿಸಬಾರದು, ದ್ವಾದಶಿ ಬೆಳಗ್ಗೆಯೂ ಬೇಡ. ಮಾಮೂಲಿ ಊಟದ ವಾರದಲ್ಲಿ, ಪ್ರತಿ ಸಲ ಹತ್ತು-ಹನ್ನೆರಡು ಗಂಟೆಯಷ್ಟೇ ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ಸಾಕು. ನನ್ನಂಥ ಹದಿನಾರು ಗಂಟೆಯವರಿಗೂ ಇದೇ ಮಾತು.

ಡಾಕ್ಟರ್ ರಿಪೋರ್ಟ್ ನೋಡಿ ಕೇಳಿದ ಮೊದಲ ಪ್ರಶ್ನೆಯೇ ಬೇರೆ: "ಮಾತ್ರೆ ದಿನಾ ತಗೋತೀರಾ?" ಅಮ್ಮನದು ರೊಸುವಾಸ್ಟಾಟಿನ್, ರಾತ್ರಿ ಊಟವಾದ ಮೇಲೆ. ಊಟ ಇಲ್ಲದ ರಾತ್ರಿ ಮಾತ್ರೆಯೂ ಇಲ್ಲ! ದಶಮಿ ರಾತ್ರಿ, ಏಕಾದಶಿ ರಾತ್ರಿ, ತಿಂಗಳಿಗೆ ಎರಡು ಸಲ. ಅಲ್ಲಿಗೆ ನಾಲ್ಕು ಮಾತ್ರೆ ತಪ್ಪುತ್ತಿತ್ತು. ಒಂದು ತಪ್ಪಿದರೆ ಆಕಾಶ ಕಳಚಿ ಬೀಳೋದಿಲ್ಲ, ಆದರೆ ಪ್ರತಿ ತಿಂಗಳೂ ಹೀಗಾದರೆ ಔಷಧ ಸಾಲುತ್ತಿದೆಯೋ ಇಲ್ಲವೋ ಅಂತ ಡಾಕ್ಟರಿಗೂ ಗೊತ್ತಾಗಲ್ಲ.

ರಾತ್ರಿಯೇ ಯಾಕೆ? ನಮ್ಮ ಯಕೃತ್ತು ರಾತ್ರಿ ಹೊತ್ತು ಹೆಚ್ಚು ಕೊಲೆಸ್ಟ್ರಾಲ್ ತಯಾರಿಸುತ್ತೆ. ಸಿಮ್ವಾಸ್ಟಾಟಿನ್‌ನಂಥ ಹಳೆಯ ಮಾತ್ರೆ ಕೆಲವೇ ಗಂಟೆ ದೇಹದಲ್ಲಿರುವುದರಿಂದ ಅದನ್ನು ಸಂಜೆಯ ನಂತರವೇ ತಗೋಬೇಕು. ರೊಸುವಾಸ್ಟಾಟಿನ್, ಅಟೊರ್ವಾಸ್ಟಾಟಿನ್ ಹಾಗಲ್ಲ. ಅವುಗಳ ಪರಿಣಾಮ ದಿನವಿಡೀ ಉಳಿಯುತ್ತೆ. ಬೆಳಗ್ಗೆಯಾದರೂ ಸರಿ, ಊಟ ಇದ್ದರೂ ಇಲ್ಲದಿದ್ದರೂ ಸರಿ.

ಈಗಿನ ಏರ್ಪಾಡು ಹೀಗಿದೆ. ದಶಮಿ ರಾತ್ರಿ ಊಟ ಇಲ್ಲದಿದ್ದರೂ ಒಂದು ಲೋಟ ನೀರಿನ ಜೊತೆ ಮಾತ್ರೆ. ಏಕಾದಶಿಯದು ದ್ವಾದಶಿ ಬೆಳಗ್ಗೆ ಆರೂವರೆಗೆ ಪಾರಣೆ ಆದಮೇಲೆ. ಅವತ್ತು ರಾತ್ರಿ ಒಂಬತ್ತೂವರೆಗೆ ಎಂದಿನ ಮಾತ್ರೆ. ನಡುವೆ ಹದಿನೈದು ಗಂಟೆ ಇದೆ. ಹನ್ನೆರಡು ಗಂಟೆಯೊಳಗೆ ಎರಡು ಬೇಡ, ಬಿಟ್ಟದ್ದನ್ನು ಸೇರಿಸಿ ಒಟ್ಟಿಗೆ ನುಂಗೋದಂತೂ ಬೇಡವೇ ಬೇಡ. ಪಾರಣೆ ನಂತರ ಎದೆಯುರಿಗೆ ಆ್ಯಂಟಾಸಿಡ್ ಬೇಕೆನಿಸಿದರೆ ರೊಸುವಾಸ್ಟಾಟಿನ್ ನುಂಗಿ ಎರಡು ಗಂಟೆ ಬಿಟ್ಟು ಕುಡೀಬೇಕು, ಇಲ್ಲದಿದ್ದರೆ ಮಾತ್ರೆ ಅರ್ಧದಷ್ಟು ಮಾತ್ರ ರಕ್ತ ಸೇರುತ್ತೆ.

ಈ ಸಲಿಗೆ ಕೊಲೆಸ್ಟ್ರಾಲ್ ಮಾತ್ರೆಗಷ್ಟೇ. ಸಕ್ಕರೆ ಕಾಯಿಲೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಹೀಗೆ ನಾವೇ ಹಿಂದೆ ಮುಂದೆ ಮಾಡಿದರೆ ಉಪವಾಸದ ದಿನ ಸಕ್ಕರೆ ಕುಸಿದು ಅಪಾಯವಾಗಬಹುದು. ಅದನ್ನು ಡಾಕ್ಟರ್ ಹತ್ತಿರವೇ ಕೇಳಬೇಕು. ನಿರ್ಜಲ ಉಪವಾಸದಲ್ಲಿ ಮೈಕೈ ವಿಪರೀತ ನೋವು, ಮೂತ್ರ ಕಂದು ಬಣ್ಣ ಕಂಡರೆ ಪಾರಣೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಡೋಸ್ ಏರಿಸೋದು ಬೇಡ, ಎರಡು ತಿಂಗಳು ಒಂದೂ ತಪ್ಪಿಸದೆ ತಗೊಂಡು ಮತ್ತೆ ಪರೀಕ್ಷೆ ಮಾಡಿಸಿ ಅಂದಿದ್ದಾರೆ ಡಾಕ್ಟರ್. ದಿನವನ್ನು ಅಮ್ಮನೇ ಪಂಚಾಂಗ ನೋಡಿ ಗೊತ್ತು ಮಾಡಿದ್ದಾರೆ: ಏಕಾದಶಿ ಕಳೆದು ಆರನೇ ದಿನ, ಹಬ್ಬವೂ ಇಲ್ಲ, ವ್ರತವೂ ಇಲ್ಲ.