ಕೋಡುಬಳೆ ಪುಡಿಯಾಯ್ತು ಅನ್ನೋದನ್ನೂ ಹಾಕಿದೆವು

ಬಸವನಗುಡಿಯ ಗಾಂಧಿ ಬಜಾರಿನ ಹತ್ತಿರ ಒಂದು ಕುರುಕಲು ತಿಂಡಿ ಅಂಗಡಿಯಿದೆ. ಅದರ ವೆಬ್‌ಸೈಟ್ ಮಾಡಿಕೊಟ್ಟವರು ನಾವು. "ಗ್ರಾಹಕರ ಮಾತು ಅಂತ ಒಂದು ಪುಟ ಬೇಕ್ರೀ" ಅಂತ ಅಂಗಡಿಯಮ್ಮ ವಾಟ್ಸಾಪಿನ 12 ಸ್ಕ್ರೀನ್‌ಶಾಟ್ ಕೊಟ್ಟರು. ಎಲ್ಲವೂ ಹೊಗಳಿಕೆ. ಯೋಚಿಸದೆ ಏರಿಸಿಬಿಟ್ಟೆವು.

ಒಂದು ವಾರದಲ್ಲಿ ಒಬ್ಬರು ಫೋನ್ ಮಾಡಿದರು: "ನನ್ನ ನಂಬರ್ ಕಾಣ್ತಿದೆ, ಯಾರನ್ನ ಕೇಳಿ ಹಾಕಿದ್ರಿ?" ತಪ್ಪು ನಮ್ಮದೇ. ಪುಟ ತೆಗೆದು ವಿಚಾರಿಸಿದರೆ, 12ರಲ್ಲಿ ಎರಡು ಅಂಗಡಿಯವರ ಅಣ್ಣನ ಮಗನೇ ಬರೆದದ್ದು. ಕೋಡುಬಳೆ ಅವನಿಗೆ ನಿಜವಾಗಿಯೂ ಇಷ್ಟವಂತೆ, ಇರಲಿ. ಆದರೆ ಓದುವವರಿಗೆ ಆ ಸಂಬಂಧ ಗೊತ್ತಾಗಬೇಕಲ್ಲ.

ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ IS 19000:2022 ಅಂತ ಒಂದು ಮಾನದಂಡ ತಂದಿದೆ. ಆನ್‌ಲೈನ್ ವಿಮರ್ಶೆಗಳನ್ನು ಸಂಗ್ರಹಿಸುವುದು, ಪ್ರಕಟಿಸುವುದು ಹೇಗೆ ಅನ್ನುವುದೇ ಅದರ ವಿಷಯ. ದುಡ್ಡು ಕೊಟ್ಟು ಕೊಂಡ ವಿಮರ್ಶೆ, ಅದಕ್ಕಾಗಿಯೇ ಜನ ಇಟ್ಟು ಬರೆಸಿದ್ದು ಹಾಕಬಾರದು ಅನ್ನುತ್ತದೆ.

ಮತ್ತೆ ಮೊದಲಿಂದ ಶುರು ಮಾಡಿದೆವು. ಚೆನ್ನಾಗಿದೆ ಅಂದವರನ್ನು ಮಾತ್ರ ಕೇಳಿದರೆ ಪುಟ ಪೂರ್ತಿ ಸಕ್ಕರೆ ಆಗುತ್ತದೆ. ಒಂದೊಂದೂ ನಿಜವಿದ್ದರೂ ಒಟ್ಟು ಚಿತ್ರ ಸುಳ್ಳು. ಅದಕ್ಕೇ ಎರಡು ತಿಂಗಳಲ್ಲಿ ಕೊಂಡ 60 ಮಂದಿಗೂ, ಪಾರ್ಸಲ್ ತಲುಪಿದ ಐದನೇ ದಿನ, ಒಂದೇ ಸಂದೇಶ ಕಳಿಸಿದೆವು: "ತಿಂಡಿ ಹೇಗಿತ್ತು? ಸರಿಯಿಲ್ಲದಿದ್ದರೂ ಬರೆಯಿರಿ. ನಿಮ್ಮ ಮಾತು ವೆಬ್‌ಸೈಟಿನಲ್ಲಿ ಹಾಕಬಹುದೇ? ಹೆಸರು ಬೇಕೋ, ಊರು ಸಾಕೋ?" 22 ಜನ ಉತ್ತರಿಸಿದರು, 15 ಜನ ಒಪ್ಪಿದರು. ಆ ಒಪ್ಪಿಗೆಯ ಸಂದೇಶಗಳನ್ನು ಇಟ್ಟುಕೊಂಡಿದ್ದೇವೆ. ಬರೆದವರು ಬೇಡ ಅಂದ ದಿನ ತೆಗೆಯುತ್ತೇವೆ.

15ರಲ್ಲಿ ಮೂರು ದೂರು. "ನಮ್ಮ ದುಡ್ಡಲ್ಲಿ ನಾವೇ ಬೈಸ್ಕೊಳ್ಳೋದಾ?" ಅಂದರು ಅಂಗಡಿಯಮ್ಮ. ಎರಡು ದಿನ ನಮ್ಮ ಫೋನೇ ಎತ್ತಲಿಲ್ಲ. ಕೊನೆಗೆ ಹಾವೇರಿಯಿಂದ ಬಂದ ದೂರನ್ನು ಓದಿ ಹೇಳಿದೆವು: "ರುಚಿ ಸರಿ, ಆದರೆ ಅರ್ಧ ಕೋಡುಬಳೆ ಪುಡಿ." ಅದರ ಕೆಳಗೆ ಅವರದೇ ಉತ್ತರ ಹಾಕೋಣ ಅಂದಾಗ ಮೆತ್ತಗಾದರು.

ಈಗ ಪ್ರತಿ ಮಾತಿನ ಜೊತೆ ತಿಂಗಳು, ಕೊಂಡ ತಿಂಡಿಯ ಹೆಸರು ಇದೆ. ಬರೆದವರ ಕನ್ನಡ ತಿದ್ದಿಲ್ಲ. ಉದ್ದವಾಗಿದ್ದ ಒಂದನ್ನು ಕತ್ತರಿಸಿ, ಅವರಿಗೆ ತೋರಿಸಿ ಹಾಕಿದೆವು. ನಕ್ಷತ್ರದ ಸರಾಸರಿ ಹಾಕಿಲ್ಲ. 15 ಜನರಲ್ಲಿ ಒಬ್ಬರು ಐದರ ಬದಲು ಒಂದು ಕೊಟ್ಟರೂ ಅದು ಕಾಲು ಅಂಕಕ್ಕಿಂತ ಹೆಚ್ಚು ಕುಸಿಯುತ್ತದೆ. ಬದಲಿಗೆ ಪುಟದ ಮೇಲೆ "60 ಜನರನ್ನು ಕೇಳಿದೆವು, 22 ಉತ್ತರ, 15 ಇಲ್ಲಿವೆ" ಅಂತ ಬರೆದಿದ್ದೇವೆ.

ಹಾವೇರಿಯವರ ದೂರಿನ ಕೆಳಗೆ ಅಂಗಡಿಯಮ್ಮನ ಉತ್ತರವಿದೆ: "ಈಗ ಕವರಲ್ಲಿ ಕಳಿಸಲ್ಲ, ಡಬ್ಬಿಯಲ್ಲಿ ಹಾಕ್ತೀವಿ. ಡಬ್ಬಿಗೆ 20 ರೂಪಾಯಿ ಜಾಸ್ತಿ ಆಗತ್ತೆ." ಆ 20 ರೂಪಾಯಿ ಬರೆಯಬೇಕೋ ಬೇಡವೋ ಅಂತಲೂ ಒಂದು ಸಂಜೆ ಜಗಳ ಆಗಿತ್ತು.