ಭಾಡೆ ಕೊಡುವವನಿಗೆ ಏನೆನ್ನಬೇಕು?



ಮ್ಹೈಸಾಳ ಮಿರಜದಿಂದ ಕಾಗವಾಡಕ್ಕೆ ಹೋಗುವ ದಾರಿಯಲ್ಲಿದೆ. ಇಲ್ಲಿಯ ಬಸ್ ನಿಲ್ದಾಣದಲ್ಲಿ ಮಹಾರಾಷ್ಟ್ರದ ಎಸ್.ಟಿ.ಯೂ ನಿಲ್ಲುತ್ತದೆ, ಕರ್ನಾಟಕದ ಬಸ್ಸೂ ನಿಲ್ಲುತ್ತದೆ, ಎರಡರ ನಡುವೆ ವಡಾಪ್ ಜೀಪಿನವರು ಸೀಟು ತುಂಬಲು ಕೂಗುತ್ತಿರುತ್ತಾರೆ. ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ಮುಗಿಯುವುದು ಇಲ್ಲಿ ದಿನದ ಸಂಗತಿ. ಬೈಗುಳಕ್ಕಂತೂ ಗಡಿಯೇ ಇಲ್ಲ. ನಮ್ಮ ಚಿಕ್ಕ ಮಕ್ಕಳು ಬಸ್ಸಿಗೆ ಕಾಯುತ್ತ ಇದನ್ನೆಲ್ಲ ಕೇಳುತ್ತಾರೆ. ಕೇಳಿದ್ದನ್ನು ಶಾಲೆಗೆ ತರುತ್ತಾರೆ. ಅಂಥ ಒಂದು ಶಬ್ದ ಬಂದ ದಿನದ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇವೆ. ಶಬ್ದ ಬರೆಯದಿದ್ದರೆ ಮಾತು ತಿಳಿಯುವುದಿಲ್ಲ, ಆದ್ದರಿಂದ ಬರೆಯುತ್ತೇವೆ, ಹಿರಿಯರು ಕ್ಷಮಿಸಬೇಕು.

ಒಂದನೇ ತರಗತಿಯವರಿಗೆ ನಾವು ಬಸ್ಸಿನ ಆಟ ಆಡಿಸುತ್ತೇವೆ. ಹಳೆಯ ಟಿಕೀಟು, ಕಾಗದದ ನೋಟು, ಬೆಂಚೇ ಬಸ್ಸು. ಕೂಡುವುದು ಕಳೆಯುವುದು ಅದರಲ್ಲೇ ಬಂದುಬಿಡುತ್ತದೆ. ಅಂದು ಕಂಡಕ್ಟರ್ ಆಗಿದ್ದ ಹುಡುಗ ಬಹಳ ಶ್ರದ್ಧೆಯಿಂದ ಟಿಕೀಟು ಹರಿಯುತ್ತ ಮುಂದಿನ ಹುಡುಗನಿಗೆ, "ಏ ಭಾಡ್ಯಾ, ಭಾಡೆ ಕೊಡೊ" ಎಂದ.

ಒಂದರಿಂದ ನಾಲ್ಕರವರೆಗಿನ ಮಕ್ಕಳು ನಮ್ಮಲ್ಲಿ ಒಂದೇ ಕೋಣೆಯಲ್ಲಿ ಕೂಡುತ್ತಾರೆ. ಹಿಂದಿದ್ದ ನಾಲ್ಕನೆಯವರು ಕಿಸಕ್ಕನೆ ನಕ್ಕರು. ಇವನು ಮಾತ್ರ ನಗಲಿಲ್ಲ. ಅವನ ಕಣ್ಣು ಕೈಯಲ್ಲಿದ್ದ ಟಿಕೀಟಿನ ಮೇಲೆಯೇ ಇತ್ತು. ಇದನ್ನು ನೋಡಿಕೊಳ್ಳಬೇಕು. ಬೈಯುವ ಮಗು ಟಿಕೀಟು ನೋಡುವುದಿಲ್ಲ, ಎದುರಿನವರ ಮುಖ ನೋಡುತ್ತದೆ.

ನಾವು ಹತ್ತಿರ ಹೋಗಿ ಕುಳಿತು, ದಿನದ ದನಿಯಲ್ಲೇ ಕೇಳಿದೆವು: "ಈ ಶಬ್ದ ಎಲ್ಲಿ ಕೇಳಿದ್ಯೋ?"

"ಸ್ಟ್ಯಾಂಡಿನ್ಯಾಗ್ರಿ ಗುರುಜಿ. ವಡಾಪಿನ ಕಾಕಾ ಒಬ್ಬರಿಗೆ ಅಂದ್ರಿ."

"ಅಂದ್ರ ಏನಂತ ತಿಳ್ಕೊಂಡಿ?"

"ಭಾಡೆ ಕೊಡಾಂವ ಭಾಡ್ಯಾ, ಅಲ್ಲೇನ್ರಿ?"

ಈ ಉತ್ತರ ಕೇಳಿ ನಗು ತಡೆಯುವುದು ಕಷ್ಟವಾಯಿತು, ಆದರೂ ತಡೆದೆವು. ಹುಡುಗನ ವ್ಯಾಕರಣ ಸರಿಯಾಗಿಯೇ ಇತ್ತು. ಭಾಡೆಯ ಜಗಳದಲ್ಲಿ ಎರಡೂ ಶಬ್ದ ಜೊತೆಗೆ ಕೇಳಿದ್ದಾನೆ, ಒಂದರಿಂದ ಇನ್ನೊಂದು ಹುಟ್ಟಿದೆ ಎಂದು ತಾನೇ ಲೆಕ್ಕ ಹಾಕಿದ್ದಾನೆ. ಮೂಲವೂ ಅಲ್ಲಿಯೇ ಇದೆ. ಮರಾಠಿಯ ಭಾಡೆ ಮತ್ತು ನಮ್ಮ ಬಾಡಿಗೆ ಒಂದೇ ಬೇರಿನವು, ಸಂಸ್ಕೃತದ 'ಭಾಟಕ'ದಿಂದ ಬಂದವು. ಹೆಣ್ಣಿನ ಮೈಯ ಬಾಡಿಗೆಯಲ್ಲಿ ಬದುಕುವವನು ಎಂಬ ಅರ್ಥದಿಂದ ಅದು ಬೈಗುಳವಾಯಿತು. ಆರು ವರ್ಷದವನಿಗೆ ಈ ಅರ್ಥ ಬೇಕಾಗಿಲ್ಲ. ಹಾಗೆಂದು "ಅದಕ್ಕೆ ಅರ್ಥವೇ ಇಲ್ಲ" ಎಂದು ಸುಳ್ಳು ಹೇಳಿದರೆ ಮಗು ಹಿಂದಿನ ಬೆಂಚಿನ ದೊಡ್ಡ ಹುಡುಗರ ಹತ್ತಿರ ಅರ್ಥ ಕೇಳಲು ಹೋಗುತ್ತದೆ. ಅವರು ಹೇಳಿಯೇ ಹೇಳುತ್ತಾರೆ.

ನಾವು ಹೇಳಿದ್ದು ಇಷ್ಟು: "ಭಾಡೆ ಕೊಡಾವರಿಗೆ ಪ್ರವಾಸಿ ಅಂತಾರಪ್ಪ, ಪ್ಯಾಸೆಂಜರ್ ಅಂದ್ರೂ ನಡೀತೈತಿ. ನೀ ಕೇಳಿದ್ದು ಬೈಗುಳ. ದೊಡ್ಡವರು ಸಿಟ್ಟಿಗೆದ್ದು ಇನ್ನೊಬ್ಬರನ್ನ ಸಣ್ಣವರ ಮಾಡಾಕ ಅಂತಾರ. ಕೇಳಿದವರ ಮನಸಿಗೆ ಹತ್ತತೈತಿ. ಸಾಲ್ಯಾಗ ನಾವು ಅದನ್ನ ಅನ್ನೂದಿಲ್ಲ. ಹೂಂ, ಈಗ ಪ್ರವಾಸಿಗೆ ಟಿಕೀಟು ಕೊಡು." ಆಟ ಮುಂದುವರಿಯಿತು.

ಕೊನೆಯ ಮಾತೇ ಮುಖ್ಯವಾದದ್ದು. ಶಬ್ದವನ್ನು ಕಸಿದುಕೊಂಡು ಸುಮ್ಮನಾದರೆ ಆ ಜಾಗ ಖಾಲಿ ಉಳಿಯುತ್ತದೆ, ಮತ್ತೆ ಅದೇ ಶಬ್ದ ಬಂದು ಕೂಡುತ್ತದೆ. ಮಗುವಿಗೆ ನಿಜವಾಗಿಯೂ ಒಂದು ಶಬ್ದ ಬೇಕಾಗಿತ್ತು, ಅದನ್ನು ಕೊಟ್ಟೆವು. ವಡಾಪಿನ ಕಾಕಾ ಕೆಟ್ಟವನು ಎಂದೂ ಹೇಳಲಿಲ್ಲ. ಹುಡುಗ ಎಷ್ಟೋ ದಿನ ಅದೇ ಜೀಪಿನಲ್ಲಿ ಬರುತ್ತಾನೆ. ಅದು ಮರಾಠಿ ಶಬ್ದ ಎಂದೂ ಹೇಳಲಿಲ್ಲ. ನಮ್ಮ ಕಡೆ ಕೆಲವು ಪಾಲಕರು ಇಂಥದ್ದು ಕೇಳಿದ ತಕ್ಷಣ "ಮರಾಠಿ ಹುಡುಗರ ಸಂಗ" ಎನ್ನುತ್ತಾರೆ. ಅತ್ತ ಕಡೆಯವರು ಕನ್ನಡದವರ ಹೆಸರು ಹೇಳುತ್ತಾರೆ. ಬೈಗುಳದ ಜೊತೆ ನೆರೆಯವರ ಭಾಷೆಯೂ ಹೊಲಸು ಎಂದು ಮಗು ಕಲಿತರೆ, ಅದನ್ನು ಬಿಡಿಸುವುದು ಒಂದು ಶಬ್ದ ಬಿಡಿಸಿದಷ್ಟು ಸುಲಭವಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಮರುದಿನ ಊಟದ ಹೊತ್ತಿಗೆ ಅದೇ ಹುಡುಗ ಅದೇ ಶಬ್ದ ಅಂದ. ಈ ಸಲ ನಮ್ಮ ಮುಖ ನೋಡಿ ಅಂದ. ಶಬ್ದಕ್ಕೆ ಏನೋ ಶಕ್ತಿ ಇದೆ ಎಂದು ನಿನ್ನೆಯ ನಗುವಿನಿಂದ ಅವನಿಗೆ ಗೊತ್ತಾಗಿತ್ತು, ಈಗ ಪರೀಕ್ಷೆ ಮಾಡುತ್ತಿದ್ದ. ಹೊಸ ವಿವರಣೆ ಕೊಡಲಿಲ್ಲ. "ಸಾಲ್ಯಾಗ ಅದನ್ನ ಅನ್ನೂದಿಲ್ಲ, ಬಾ, ತಾಟು ತಗೋ" ಎಂದೆವು. ಅದೇ ಮಾತು, ಅದೇ ದನಿ. ಇಂಥ ವೇಳೆ ಎರಡು ಮೂರು ದಿನ ಶಬ್ದ ಕಡಿಮೆಯಾಗುವ ಬದಲು ಹೆಚ್ಚಾಗುವುದುಂಟು. ಮೊದಲು ಸಿಕ್ಕ ನಗು ಸಿಗದಿದ್ದರೆ ಮಗು ಇನ್ನೂ ಜೋರಾಗಿ ಕೇಳಿ ನೋಡುತ್ತದೆ. ಉಪಾಯ ಫಲಿಸಲಿಲ್ಲ ಎಂದು ಆಗಲೇ ಕೂಗಾಡಿದರೆ, ಜೋರು ಮಾಡಿದರೆ ಫಲ ಸಿಗುತ್ತದೆ ಎಂದು ನಾವೇ ಕಲಿಸಿದ ಹಾಗೆ. ನಾಲ್ಕನೆಯ ತರಗತಿಯವರನ್ನು ಶಾಲೆ ಬಿಟ್ಟ ಮೇಲೆ ನಿಲ್ಲಿಸಿ, "ನೀವು ನಗದಿದ್ರ ಅಂವ ಮರೀತಾನ" ಎಂದು ಹೇಳಿದೆವು. ಅವರಿಗೆ ಅದು ದೊಡ್ಡವರ ಕೆಲಸ ಅನ್ನಿಸಿತು, ಒಪ್ಪಿದರು. ವಾರ ಮುಗಿಯುವುದರೊಳಗೆ ಶಬ್ದ ನಿಂತಿತು.

ಇದೇ ಶಬ್ದವನ್ನು ಒಬ್ಬನನ್ನು ನೂಕಿ, ಸಿಟ್ಟಿನಿಂದ ಅಂದಿದ್ದರೆ ನಮ್ಮ ದಾರಿ ಬೇರೆ. ಆಗ ಮೊದಲು ಬೈಸಿಕೊಂಡ ಮಗುವಿನ ಹತ್ತಿರ ಹೋಗುತ್ತೇವೆ, ಬೈದವನ ಹತ್ತಿರ ಆಮೇಲೆ.

ಆ ಹುಡುಗನ ಆಯಿಗೆ ವಿಷಯ ಹೇಗೋ ಗೊತ್ತಾಗಿ ಶಾಲೆಗೆ ಬಂದರು. "ಬಾಯಾಗ ಖಾರಪುಡಿ ಹಾಕ್ರಿ ಗುರುಜಿ, ನಮಗೂ ಹಂಗ ಮಾಡ್ತಿದ್ರು" ಎಂದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲೆಯಲ್ಲಿ ದೇಹದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಅಜ್ಜಿಯ ಮುಂದೆ ಕಾಯ್ದೆ ಓದಿದರೆ ಏನು ಉಪಯೋಗ? "ಆಯಿ, ಖಾರ ನೆನಪಿರತೈತಿ, ಖಾರದ ಜೋಡಿ ಶಬ್ದಾನೂ ನೆನಪಿರತೈತಿ" ಎಂದೆವು. ಅವರು ನಕ್ಕರು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು, ಅದು ಕಠಿಣವಾಗಿತ್ತು: "ಅವರ ಅಪ್ಪ ಗೆಳ್ಯಾರಿಗೆ ಪ್ರೀತಿಲೆ ಹಂಗ ಅಂತಾನಲ್ರಿ, ಅದಕ್ಕೇನ ಹೇಳೂನು?" ನಿಜ, ನಮ್ಮ ಸೀಮೆಯಲ್ಲಿ ಸಲಿಗೆಯ ಮಾತಾಗಿಯೂ ಅದು ನಡೆಯುತ್ತದೆ. ಮಗನ ಬಾಯಿ ಮುಚ್ಚಿಸಲು ನಮಗೆ ಆಗುವುದಿಲ್ಲ. ಹುಡುಗ ಕೇಳಿದರೆ, "ಅದು ಅಪ್ಪ ಮತ್ತು ಅವರ ಗೆಳ್ಯಾರ ನಡುವಿನ ಮಾತು, ನಿನ್ನ ಮಾತಲ್ಲ" ಎನ್ನಿ, ಇದಕ್ಕಿಂತ ಹೆಚ್ಚು ಬೇಡ ಎಂದೆವು. ಒಂದನ್ನು ಮಾತ್ರ ಒತ್ತಿ ಹೇಳಿದೆವು: ಬೀಗರು ಬಂದಾಗ "ನಮ್ಮ ಹುಡುಗ ಸಾಲ್ಯಾಗ ಏನ್ ಅಂದಾನ ಗೊತ್ತೇನು" ಎಂದು ಅವನ ಎದುರಿಗೇ ಕಥೆ ಮಾಡಿ ನಗಬಾರದು. ಶಬ್ದ ಮತ್ತೆ ಚಿಗುರುವುದು ಹೆಚ್ಚಾಗಿ ಅಲ್ಲಿಂದಲೇ.

ಕೆಲವು ದಿನಗಳ ನಂತರ ಹುಡುಗ ಬೆಳಿಗ್ಗೆ ಬಂದವನೇ ನಮ್ಮ ಕಿವಿಯ ಹತ್ತಿರ ಬಂದು ನಿಂತ. "ಗುರುಜಿ, ಎಸ್.ಟಿ. ಕಂಡಕ್ಟರ್ ನಮ್ಮ ಆಯಿಗೆ ಸಿಟ್ಟಿಲೆ 'ಸುಟ್ಟೆ, ಸುಟ್ಟೆ' ಅಂದ್ರಿ. ಅದೂ ಬೈಗುಳೇನ್ರಿ?"

"ಅಲ್ಲಪ್ಪ," ಎಂದೆವು, "ಮರಾಠ್ಯಾಗ ಚಿಲ್ಲರಕ್ಕ ಸುಟ್ಟೆ ಅಂತಾರ. ನಾಳೆ ಆಯಿಗೆ ಚಿಲ್ಲರ ತಗೊಂಡ ಬಾ ಅಂತ ಹೇಳು."