ಹುಟ್ಟಿದ ವರ್ಷ, ಸತ್ತ ವರ್ಷ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನೋಟ್ಸ್‌ಗಳಲ್ಲಿ ಸಂಸ್ಥೆಗಳು ಹುಟ್ಟಿದ ವರ್ಷಗಳು ತಪ್ಪದೆ ಇರುತ್ತವೆ. ಅವನ್ನು ಹುಟ್ಟುಹಾಕಿದ ಮನುಷ್ಯರು ಹುಟ್ಟಿದ, ಸತ್ತ ವರ್ಷಗಳು ಅಪರೂಪ. ಇತಿಹಾಸದ ಅಭ್ಯಾಸ ಪ್ರಶ್ನೆಗಳನ್ನು ಕನ್ನಡಕ್ಕೆ ಅನುವಾದಿಸುವ ಕೆಲಸ ನನ್ನ ಪಾಲಿಗೆ ಆಗಾಗ ಬರುತ್ತದೆ. ಪ್ರತಿ ಪ್ರಶ್ನೆಯ ನಾಲ್ಕೂ ಆಯ್ಕೆಗಳನ್ನು ಅಕ್ಷರಕ್ಕಕ್ಷರ ಓದಬೇಕಾಗುವುದರಿಂದ ಒಂದು ವಿಷಯ ಸ್ಪಷ್ಟವಾಗಿದೆ. ಉತ್ತರ ಗೊತ್ತಿಲ್ಲದಾಗ ಕೈಹಿಡಿಯುವುದು ಬಹುಮಟ್ಟಿಗೆ ಈ ಎರಡನೆಯ ಬಗೆಯ ವರ್ಷಗಳೇ.

ನಾನಿರುವ ಪುಣೆಯದೇ ಉದಾಹರಣೆ ತೆಗೆದುಕೊಳ್ಳೋಣ. ಇಲ್ಲಿಯ ಸದಾಶಿವ ಪೇಟೆಯ ಅಭ್ಯಾಸಿಕೆಗಳಲ್ಲಿ, ಅಂದರೆ ತಿಂಗಳ ಬಾಡಿಗೆಗೆ ಕುರ್ಚಿ-ಮೇಜು ಕೊಡುವ ಓದುಕೋಣೆಗಳಲ್ಲಿ, ಜತ್ತ, ಅಕ್ಕಲಕೋಟೆ ಕಡೆಯ ಕನ್ನಡದ ಹುಡುಗ ಹುಡುಗಿಯರೂ ಇದ್ದಾರೆ. ಅವರ ಕೈಗೆ ಮತ್ತೆ ಮತ್ತೆ ಬರುವ ‘ಹೊಂದಿಸಿ ಬರೆಯಿರಿ’ ಹೀಗಿರುತ್ತದೆ:

ಅ. ಪುಣೆ ಸಾರ್ವಜನಿಕ ಸಭಾ (1870)
ಆ. ಸತ್ಯಶೋಧಕ ಸಮಾಜ (1873)
ಇ. ಡೆಕ್ಕನ್ ಎಜುಕೇಶನ್ ಸೊಸೈಟಿ (1884)
ಈ. ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ (1905)

1. ಗೋಪಾಲ ಕೃಷ್ಣ ಗೋಖಲೆ
2. ಗಣೇಶ ವಾಸುದೇವ ಜೋಶಿ
3. ಗೋಪಾಲ ಗಣೇಶ ಅಗರ್ಕರ್
4. ಜ್ಯೋತಿರಾವ್ ಫುಲೆ

ಆಯ್ಕೆಗಳು:
ಎ) ಅ-2, ಆ-4, ಇ-1, ಈ-3
ಬಿ) ಅ-2, ಆ-4, ಇ-3, ಈ-1
ಸಿ) ಅ-4, ಆ-2, ಇ-3, ಈ-1
ಡಿ) ಅ-1, ಆ-4, ಇ-3, ಈ-2

ಸಂಸ್ಥೆಗಳ ವರ್ಷಗಳನ್ನು ಇಲ್ಲಿ ನಾನು ಆವರಣದಲ್ಲಿ ಕೊಟ್ಟಿದ್ದೇನೆ. ಪರೀಕ್ಷೆಯಲ್ಲಿ ಅವು ಇರುವುದಿಲ್ಲ, ನೋಟ್ಸ್ ಓದಿದವರ ತಲೆಯಲ್ಲಿ ಇರುತ್ತವೆ. ಯಾರು ಯಾವುದನ್ನು ಸ್ಥಾಪಿಸಿದರು ಎನ್ನುವುದು ಮಾತ್ರ ಮರೆತಿದೆ ಎಂದುಕೊಳ್ಳಿ.

ಮೊದಲು ಡಿ. ಅದರ ಪ್ರಕಾರ ಸಾರ್ವಜನಿಕ ಸಭೆಯನ್ನು ಕಟ್ಟಿದವರು ಗೋಖಲೆ. ಗೋಖಲೆ ಹುಟ್ಟಿದ್ದು 1866ರಲ್ಲಿ. ನಾಲ್ಕು ವರ್ಷದ ಮಗು ಸಭೆ ಕಟ್ಟುವುದಿಲ್ಲ, ಹಾಗಾಗಿ ಡಿ ಹೋಯಿತು. ಇನ್ನು ಎ. ಇದರಲ್ಲಿ ಗೋಖಲೆಯವರನ್ನು 1884ರ ಸಂಸ್ಥೆಗೆ ಜೋಡಿಸಿದ್ದಾರೆ. ಆಗ ಅವರಿಗೆ ಹದಿನೆಂಟು. ಚಿಕ್ಕ ವಯಸ್ಸು ನಿಜ, ಆದರೆ ಅಷ್ಟಕ್ಕೇ ಅಸಾಧ್ಯ ಎನ್ನುವಂತಿಲ್ಲ. ಇಪ್ಪತ್ತರ ಆಸುಪಾಸಿನಲ್ಲಿ ಶಾಲೆ, ಪತ್ರಿಕೆ ಕಟ್ಟಿದವರ ಊರು ಇದು. 1880ರಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್ ಶುರುವಾದಾಗ ತಿಲಕರಿಗೆ ಇಪ್ಪತ್ಮೂರು. ಆದ್ದರಿಂದ ಆ ಜೋಡಿಯ ಮೇಲೆ ತಲೆ ಕೆಡಿಸಿಕೊಳ್ಳದೆ ಅದೇ ಸಾಲಿನ ಕೊನೆಗೆ ಹೋಗಬೇಕು. ಅಲ್ಲಿ 1905ರ ಸಂಸ್ಥೆ ಅಗರ್ಕರರ ಪಾಲಿಗೆ ಬಂದಿದೆ. ಅಗರ್ಕರ್ ತೀರಿಕೊಂಡದ್ದು 1895ರಲ್ಲಿ. ಹೀಗೆ ಎ ಕೂಡ ಹೋಯಿತು.

ಇಲ್ಲಿ ಗಮನಿಸಬೇಕಾದದ್ದು ಎರಡು ವರ್ಷಗಳ ಬಲದಲ್ಲಿರುವ ವ್ಯತ್ಯಾಸ. ಹುಟ್ಟಿದ ವರ್ಷ ತೀರಾ ಎಳೆಯ ವಯಸ್ಸು ಬಂದಾಗಷ್ಟೇ ಕೆಲಸಕ್ಕೆ ಬರುತ್ತದೆ. ಹದಿನೆಂಟೋ ಇಪ್ಪತ್ತೋ ಬಂದರೆ ಬರಿ ಅನುಮಾನ ಉಳಿಯುತ್ತದೆ. ಸತ್ತ ವರ್ಷದಲ್ಲಿ ಅನುಮಾನಕ್ಕೆ ಜಾಗವಿಲ್ಲ. ಸತ್ತ ಮೇಲೆ ಒಬ್ಬರ ಹೆಸರಿನಲ್ಲಿ ಸಂಸ್ಥೆ ಏಳಬಹುದು, ಅವರೇ ಬಂದು ಸ್ಥಾಪಿಸಲಾರರು. ಎರಡರಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳಲು ಸಾಧ್ಯವಾದರೆ ಸತ್ತ ವರ್ಷವನ್ನು ಆರಿಸಿಕೊಳ್ಳಿ.

ಈಗ ಉಳಿದದ್ದು ಬಿ ಮತ್ತು ಸಿ. ಎರಡರಲ್ಲೂ ಇ, ಈ ಒಂದೇ. ವ್ಯತ್ಯಾಸವಿರುವುದು ಜೋಶಿ ಮತ್ತು ಫುಲೆಯವರ ಅದಲುಬದಲಿನಲ್ಲಿ. ಅಕ್ಕಲಕೋಟೆಯ ಹುಡುಗಿಯೊಬ್ಬಳು ಇಲ್ಲಿಗೆ ಬಂದು ನಿಂತು ಕೇಳಿದ್ದಳು: “ಅಕ್ಕಾ, ಆಗ ಇಬ್ರೂ ಬದುಕೇ ಇದ್ರಲ್ರೀ, ಈಗ ಹ್ಯಾಂಗ ಹೇಳೂದು?” ಅವಳು ಕೇಳಿದ್ದು ಸರಿಯಾಗಿತ್ತು. ಫುಲೆ ಹುಟ್ಟಿದ್ದು 1827ರಲ್ಲಿ, ಜೋಶಿ 1828ರಲ್ಲಿ. 1870ರಲ್ಲಿ ಇಬ್ಬರೂ ನಲವತ್ತು ದಾಟಿದವರು, 1873ರಲ್ಲೂ ಇಬ್ಬರೂ ಇದ್ದರು. ವರ್ಷಗಳ ಕೆಲಸ ಇಲ್ಲಿಗೆ ಮುಗಿಯುತ್ತದೆ.

ಮುಂದಿನದನ್ನು ಸಂದರ್ಭ ಹೇಳಬೇಕು. ಸಾರ್ವಜನಿಕ ಸಭೆಯ ಹಿಂದೆ ಇದ್ದದ್ದು ಪರ್ವತಿ ದೇವಸ್ಥಾನದ ಆಡಳಿತದ ಬಗ್ಗೆ ಜನರಿಗಿದ್ದ ಅಸಮಾಧಾನ. ಅದು ಬೆಳೆದು ಸರ್ಕಾರಕ್ಕೂ ಜನರಿಗೂ ನಡುವೆ ಅರ್ಜಿ ಬರೆಯುವ, ಅಹವಾಲು ಮುಟ್ಟಿಸುವ ಸಂಸ್ಥೆಯಾಯಿತು. ಅದರ ಸದಸ್ಯರು ತಾವು ಪ್ರತಿನಿಧಿಸುವ ಜನರಿಂದ ಸಹಿ ಮಾಡಿಸಿದ ಮುಖ್ತ್ಯಾರನಾಮೆ ತರಬೇಕಿತ್ತು. ಇದು ಕೋರ್ಟು ಕಚೇರಿ ಬಲ್ಲ ಕೈ ಕಟ್ಟಿದ ಸಂಸ್ಥೆ, ಜೋಶಿಯವರು ವಕೀಲರು. 1879ರಲ್ಲಿ ವಾಸುದೇವ ಬಲವಂತ ಫಡಕೆಯವರ ಪರವಾಗಿ ವಾದಿಸಿದವರೂ ಇವರೇ. ಸತ್ಯಶೋಧಕ ಸಮಾಜದ ದಾರಿ ಬೇರೆ: ಬ್ರಾಹ್ಮಣ ಪುರೋಹಿತರಿಲ್ಲದೆ ಮದುವೆ, ಶೂದ್ರ ಅತಿಶೂದ್ರರಿಗೆ ವಿದ್ಯೆ. ಒಂದರ ಗುರಿ ಸರ್ಕಾರದ ಬಾಗಿಲು, ಇನ್ನೊಂದರದು ಸಮಾಜದ ಒಳಗಿನ ಏಣಿ. ಸಂಸ್ಥೆ ಯಾರ ಕಡೆ ಮುಖ ಮಾಡಿ ಮಾತಾಡುತ್ತದೆ ಎಂದು ಕೇಳಿಕೊಂಡರೆ ಸಿ ಬಿದ್ದುಹೋಗುತ್ತದೆ, ಬಿ ಉಳಿಯುತ್ತದೆ.

ಕೊನೆಯ ಈ ಹೆಜ್ಜೆ ಹೊಳೆಯದಿದ್ದರೂ ಮೊದಲ ಎರಡು ಹೆಜ್ಜೆ ವ್ಯರ್ಥವಲ್ಲ. ಯುಪಿಎಸ್‌ಸಿ ಪ್ರಿಲಿಮ್ಸ್‌ನ ಸಾಮಾನ್ಯ ಅಧ್ಯಯನ ಪತ್ರಿಕೆಯಲ್ಲಿ ಸರಿ ಉತ್ತರಕ್ಕೆ 2 ಅಂಕ, ತಪ್ಪಿಗೆ ಅದರ ಮೂರನೇ ಒಂದು ಭಾಗ ಕಡಿತ. ನಾಲ್ಕರಲ್ಲಿ ಒಂದನ್ನು ಕಣ್ಣುಮುಚ್ಚಿ ಗುರುತು ಮಾಡುತ್ತ ಹೋದರೆ ಸರಾಸರಿ ಲಾಭ ಸೊನ್ನೆ. ಒಂದು ಆಯ್ಕೆ ಅಳಿಸಿದರೆ ಪ್ರತಿ ಪ್ರಶ್ನೆಗೆ ಸುಮಾರು 0.22 ಅಂಕ, ಎರಡು ಅಳಿಸಿದರೆ 0.67.

ಈ ವಿಧಾನ ಎಡವುವ ಜಾಗಗಳೂ ಇವೆ, ಅನುವಾದಕಿಯಾದ ನನಗೆ ಅವು ಹತ್ತಿರದಿಂದ ಕಾಣುತ್ತವೆ. ಮೊದಲನೆಯದು ಪ್ರಶ್ನೆಯ ಕ್ರಿಯಾಪದ. ಮೇಲಿನ ಲೆಕ್ಕವೆಲ್ಲ ‘ಸ್ಥಾಪಿಸಿದವರು’ ಎಂಬ ಮಾತಿನ ಮೇಲೆ ನಿಂತಿದೆ. ಮೂಲದಲ್ಲಿ ‘ಸಂಬಂಧಿಸಿದವರು’ ಎಂದಿದ್ದರೆ ಗೋಖಲೆ ಮತ್ತು ಸಾರ್ವಜನಿಕ ಸಭೆಯ ಜೋಡಿ ತಪ್ಪಲ್ಲ, ಮುಂದೆ ಅವರು ಆ ಸಭೆಯ ಕಾರ್ಯದರ್ಶಿಯಾಗಿದ್ದರು. ಆಗ ಡಿ ಆಯ್ಕೆಯನ್ನು ಅಳಿಸಲು 1866 ಸಾಲದು. 1880ರಲ್ಲೇ ತೀರಿಕೊಂಡ ಜೋಶಿಯವರನ್ನು 1905ಕ್ಕೆ ಜೋಡಿಸಿದ್ದಾರಲ್ಲ, ಅದನ್ನು ಹಿಡಿಯಬೇಕು. ಅನುವಾದದಲ್ಲಿ ಈ ಎರಡು ಪದ ಅದಲುಬದಲಾದರೆ ಓದಿದವರೇ ಹೆಚ್ಚು ಗೊಂದಲಕ್ಕೆ ಬೀಳುತ್ತಾರೆ.

ಎರಡನೆಯದು ಹೆಸರುಗಳು. ಗೋಖಲೆಯವರ ಸಂಸ್ಥೆಯನ್ನು ಮರಾಠಿಯಲ್ಲಿ ‘ಭಾರತ ಸೇವಕ ಸಮಾಜ’ ಎನ್ನುತ್ತಾರೆ. ಅದನ್ನೇ ಕನ್ನಡಕ್ಕೆ ಇಳಿಸಿದರೆ 1952ರಲ್ಲಿ ನೆಹರೂ ಕಾಲದಲ್ಲಿ ಹುಟ್ಟಿದ ಭಾರತ ಸೇವಕ ಸಮಾಜ ಎಂದು ಓದುಗರು ತಿಳಿಯಬಹುದು. ಹೆಸರೊಂದು ನಲವತ್ತೇಳು ವರ್ಷ ಸರಿದರೆ ವರ್ಷಗಳಿಂದ ಅಳಿಸುವ ಲೆಕ್ಕವೆಲ್ಲ ತಲೆಕೆಳಗು. ಅದಕ್ಕೇ ನಾನು ಸಂಸ್ಥೆಗಳ ಹೆಸರನ್ನು ಅನುವಾದಿಸುವುದಿಲ್ಲ, ಇದ್ದ ಹಾಗೇ ಕನ್ನಡ ಲಿಪಿಯಲ್ಲಿ ಬರೆಯುತ್ತೇನೆ.

ಮೂರನೆಯದು ಪ್ರಶ್ನೆಯ ರೂಪ. 2023ರ ಯುಪಿಎಸ್‌ಸಿ ಪತ್ರಿಕೆಯಲ್ಲಿ ‘ಮೇಲಿನ ಎಷ್ಟು ಜೋಡಿಗಳು ಸರಿಯಾಗಿವೆ’ ಎನ್ನುವ ಬಗೆಯವು ಹೇರಳವಾಗಿ ಬಂದವು. ಇಲ್ಲಿ ಒಂದು ಜೋಡಿ ತಪ್ಪೆಂದು ಖಚಿತವಾದರೆ ಅಳಿಯುವುದು ‘ಎಲ್ಲವೂ’ ಎಂಬ ಒಂದೇ ಆಯ್ಕೆ. ಉಳಿದ ಜೋಡಿಗಳನ್ನು ಒಂದೊಂದಾಗಿ ತಿಳಿದಿರಲೇಬೇಕು.

ಮತ್ತೆ ಕೆಲವರ ವಿಷಯದಲ್ಲಂತೂ ಆಯುಸ್ಸೇ ಅಡ್ಡ ಬರುತ್ತದೆ. ಧೋಂಡೋ ಕೇಶವ ಕರ್ವೆ 1858ರಲ್ಲಿ ಹುಟ್ಟಿ 1962ರವರೆಗೆ, ನೂರನಾಲ್ಕು ವರ್ಷ ಬದುಕಿದರು. ಪುಣೆಯಲ್ಲಿ 1880ರ ನಂತರ, 1962ರೊಳಗೆ ಹುಟ್ಟಿದ ಯಾವ ಸಂಸ್ಥೆಯ ಎದುರು ಅವರ ಹೆಸರಿಟ್ಟರೂ ವರ್ಷಗಳು ತಕರಾರು ಮಾಡುವುದಿಲ್ಲ. 1896ರ ವಿಧವೆಯರ ಆಶ್ರಮ, 1916ರ ಮಹಿಳಾ ವಿಶ್ವವಿದ್ಯಾಲಯ ನೆನಪಿದ್ದರೆ ಮಾತ್ರ ಅವರನ್ನು ಸರಿಯಾದ ಸಾಲಿನಲ್ಲಿ ಕೂರಿಸಬಹುದು.